ರೈಟಿಂಗ್‌ನ ಅರ್ಧ ಬ್ಯಾಂಡ್, ಎರಡು ವರ್ಷದ ಗಡುವು

ನಾನು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನರ್ಸ್. ಎಂಎಸ್ಸಿ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದು, ಮೂರು ವರ್ಷದ ಅನುಭವ ದಾಟಿ ಆಗಿತ್ತು. 2025ರಲ್ಲಿ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ, ಅಂದರೆ ಅಂಕದ ಮೇಲೆ ವಲಸಿಗರನ್ನು ಆರಿಸುವ ವ್ಯವಸ್ಥೆಗೆ, ಅರ್ಜಿ ಹಾಕಲು ಹೊರಟಾಗ ಮೊದಲ ಕೆಲಸವೇ ಇಂಗ್ಲಿಷ್ ಪರೀಕ್ಷೆ. ನಮ್ಮ ಕಡೆ ನರ್ಸ್‌ಗಳಿಗೆ ಇದು ಹೊಸ ವಿಷಯ ಏನೂ ಅಲ್ಲ. ಪ್ರತಿ ವಾರ್ಡ್‌ನಲ್ಲೂ ಒಬ್ಬರಾದರೂ ಐಇಎಲ್‌ಟಿಎಸ್ ಪುಸ್ತಕ ಇಟ್ಟುಕೊಂಡು ಓದುತ್ತಿರುತ್ತಾರೆ. ಸಲಹೆ ಕೊಡುವವರಿಗಂತೂ ಬರ ಇಲ್ಲ. ಆದರೆ ಆ ಸಲಹೆಗಳಲ್ಲಿ ಅರ್ಧ ಬೇರೆ ದೇಶದ್ದು, ಇನ್ನರ್ಧ ಬೇರೆ ವರ್ಷದ್ದು. ಹಾಗಾಗಿ ನಾನು ಹೇಗೆ ಪರೀಕ್ಷೆ ಆಯ್ಕೆ ಮಾಡಿದೆ, ಎರಡನೇ ಸಲ ಬರೆಯಬೇಕೋ ಬೇಡವೋ ಅಂತ ಹೇಗೆ ಲೆಕ್ಕ ಹಾಕಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾವ ಪರೀಕ್ಷೆ ಎಂಬ ಪ್ರಶ್ನೆ. ಮೆಲ್ಬರ್ನ್‌ನಲ್ಲಿರುವ ನನ್ನ ದೊಡ್ಡಮ್ಮನ ಮಗ ಫೋನ್ ಮಾಡಿದಾಗೆಲ್ಲ ಒಂದೇ ಮಾತು: "ಐಇಎಲ್‌ಟಿಎಸ್ ಬರೀಬೇಡ ಮಾರಾಯ್ತಿ, ಪಿಟಿಇ ಬರಿ, ಸುಲಭ." ಅಣ್ಣ ಹೇಳಿದ್ದು ಅವನ ಮಟ್ಟಿಗೆ ಸರಿ. ಆಸ್ಟ್ರೇಲಿಯಾದವರು ಪಿಟಿಇ ಅಕಾಡೆಮಿಕ್ ಒಪ್ಪುತ್ತಾರೆ, ಅವನು ಅದನ್ನೇ ಬರೆದು ಹೋದವನು. ಆದರೆ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಪಿಟಿಇ ಅಕಾಡೆಮಿಕ್ ನಡೆಯುವುದಿಲ್ಲ. ಅವರು ಒಪ್ಪುವುದು ಪಿಟಿಇ ಕೋರ್ ಅನ್ನು, ಅದೂ 2024ರ ಜನವರಿ ಕೊನೆಯಿಂದ ಈಚೆಗೆ. ಅದರ ಜೊತೆಗೆ ಐಇಎಲ್‌ಟಿಎಸ್ ಜನರಲ್ ಟ್ರೈನಿಂಗ್ ಮತ್ತು ಸೆಲ್ಪಿಪ್ ಜನರಲ್. ಇಂಗ್ಲಿಷ್‌ಗೆ ನನ್ನ ಮುಂದಿದ್ದ ಆಯ್ಕೆ ಈ ಮೂರೇ.

ನರ್ಸ್‌ಗಳಿಗೆ ಇಲ್ಲಿ ಇನ್ನೊಂದು ಗೋಜಲು ಇದೆ. ಕೆನಡಾದಲ್ಲಿ ನರ್ಸ್ ಆಗಿ ಕೆಲಸ ಮಾಡಲು ಆಯಾ ಪ್ರಾಂತ್ಯದ ನರ್ಸಿಂಗ್ ನೋಂದಣಿ ಬೇಕು. ಅಲ್ಲೂ ಭಾಷೆಯ ಪುರಾವೆ ಕೇಳುತ್ತಾರೆ, ಆದರೆ ಅವರ ಪಟ್ಟಿ ಬೇರೆ. ಅಲ್ಲಿ ಸಾಮಾನ್ಯವಾಗಿ ಐಇಎಲ್‌ಟಿಎಸ್ ಅಕಾಡೆಮಿಕ್ ನಡೆಯುತ್ತದೆ, ನರ್ಸ್‌ಗಳಿಗೇ ಮಾಡಿದ ಸೆಲ್ಬಾನ್ ಎಂಬ ಪರೀಕ್ಷೆಯೂ ನಡೆಯುತ್ತದೆ. ಇವೆರಡನ್ನೂ ಎಕ್ಸ್‌ಪ್ರೆಸ್ ಎಂಟ್ರಿಗೆ ಕೊಡುವ ಹಾಗಿಲ್ಲ. ನಮ್ಮ ಆಸ್ಪತ್ರೆಯಲ್ಲೇ ಒಬ್ಬ ಸಿಸ್ಟರ್ ಅಕಾಡೆಮಿಕ್‌ನಲ್ಲಿ ಚೆಂದದ ಬ್ಯಾಂಡ್ ತಂದು, ಪ್ರೊಫೈಲ್ ತುಂಬಲು ಕೂತಾಗ ಆ ಕಾಲಂನಲ್ಲಿ ಜನರಲ್ ಮಾತ್ರ ಇರುವುದು ನೋಡಿ ತಲೆ ಮೇಲೆ ಕೈ ಹೊತ್ತರು. ಅವರಿಗೆ ಕೋಚಿಂಗ್ ಕೊಟ್ಟವರು ಬ್ರಿಟನ್‌ಗೆ ಹೋಗುವ ನರ್ಸ್‌ಗಳ ಬ್ಯಾಚ್‌ನಲ್ಲಿ ಕೂರಿಸಿದ್ದರಂತೆ. ನಾನು ಮೊದಲೇ ನಿಶ್ಚಯ ಮಾಡಿದೆ: ವಲಸೆಗೆ ಜನರಲ್ ಟ್ರೈನಿಂಗ್, ನೋಂದಣಿಗೆ ಬೇಕಾದ್ದನ್ನು ಅದರ ಸಮಯ ಬಂದಾಗ. ಎರಡನ್ನೂ ಒಂದೇ ಪರೀಕ್ಷೆಯಲ್ಲಿ ಮುಗಿಸುವ ಆಸೆ ಬಿಟ್ಟೆ.

ಉಳಿದದ್ದು ಮೂರರಲ್ಲಿ ಒಂದು. ಎಲ್ಲರೂ "ಯಾವುದು ಸುಲಭ" ಅಂತ ಕೇಳುತ್ತಾರೆ. ನಾನು ಬೇಕಾದ ಅಂಕವನ್ನು ಮೊದಲು ನೋಡಿದೆ. ಕೆನಡಾದವರು ಎಲ್ಲ ಪರೀಕ್ಷೆಗಳನ್ನೂ ಸಿಎಲ್‌ಬಿ ಎಂಬ ಒಂದೇ ಅಳತೆಗೆ ಇಳಿಸುತ್ತಾರೆ. ನಮಗೆ ಮುಖ್ಯವಾದ ಮಟ್ಟ ಸಿಎಲ್‌ಬಿ 9. ಅದಕ್ಕೆ ಐಇಎಲ್‌ಟಿಎಸ್‌ನಲ್ಲಿ ಲಿಸನಿಂಗ್ 8, ಉಳಿದ ಮೂರರಲ್ಲೂ 7 ಬೇಕು. ಸೆಲ್ಪಿಪ್‌ನಲ್ಲಿ ಲೆಕ್ಕವೇ ಇಲ್ಲ, ಅಲ್ಲಿ 9 ಅಂದರೆ 9. ಪಿಟಿಇ ಕೋರ್‌ನಲ್ಲಿ ಲಿಸನಿಂಗ್ 82, ರೀಡಿಂಗ್ 78, ಸ್ಪೀಕಿಂಗ್ 84, ರೈಟಿಂಗ್ 88. ಒಟ್ಟು ಇರುವುದೇ 90, ನೆನಪಿರಲಿ. ರೈಟಿಂಗ್‌ನಲ್ಲಿ 87 ಬಂದರೆ ಸಿಎಲ್‌ಬಿ 8, 88 ಬಂದರೆ 9. ಅಷ್ಟು ಸಣ್ಣ ಕಿಂಡಿ ಅದು. ಮೇಲಾಗಿ ಪಿಟಿಇಯಲ್ಲಿ ಒಂದೇ ಪ್ರಶ್ನೆಯ ಅಂಕ ಎರಡು ಕಡೆ ಹೋಗುತ್ತದೆ. ಕೇಳಿದ ವಾಕ್ಯವನ್ನು ಟೈಪ್ ಮಾಡುವ ಪ್ರಶ್ನೆಯಲ್ಲಿ ಒಂದು ಪದ ಬಿಟ್ಟರೆ ಲಿಸನಿಂಗ್ ಜೊತೆ ರೈಟಿಂಗ್‌ಗೂ ಪೆಟ್ಟು. ಮಷಿನ್‌ಗೆ ಮಾತಾಡಿ, ಮಷಿನ್‌ನಿಂದ ಅಂಕ ಪಡೆಯುವುದರಲ್ಲಿ ಪಳಗಿದವರಿಗೆ ಅದು ಸರಿಹೋಗಬಹುದು. ನನಗೆ ಆ 88 ನೋಡಿಯೇ ಸಾಕಾಯಿತು.

ಸೆಲ್ಪಿಪ್ ಬಗ್ಗೆ ಸ್ವಲ್ಪ ಆಸೆ ಇತ್ತು. ಅದರ ರೈಟಿಂಗ್‌ನಲ್ಲಿ ಒಂದು ಇಮೇಲ್, ಒಂದು ಸರ್ವೇ ಉತ್ತರ, ಎರಡೂ 150ರಿಂದ 200 ಪದ. ಐಇಎಲ್‌ಟಿಎಸ್‌ನ ಹಾಗೆ 250 ಪದದ ಪ್ರಬಂಧ ಇಲ್ಲ. ಅವರ ಸೈಟಿನಲ್ಲಿ ಉಚಿತ ಮಾದರಿ ಪರೀಕ್ಷೆ ಸಿಗುತ್ತದೆ, ಮನೆಯಲ್ಲೇ ಗಡಿಯಾರ ಇಟ್ಟು ಕೂತೆ. ರೈಟಿಂಗ್ ಹಿಡಿಸಿತು. ಸ್ಪೀಕಿಂಗ್ ಹಿಡಿಸಲಿಲ್ಲ. ಎಂಟು ಪ್ರಶ್ನೆ, ಎದುರಿಗೆ ಮನುಷ್ಯರಿಲ್ಲ, ಪರದೆಯಲ್ಲಿ ಸೆಕೆಂಡು ಓಡುತ್ತಿರುತ್ತದೆ. ಪರೀಕ್ಷಾ ಹಾಲ್‌ನಲ್ಲಿ ಪಕ್ಕದವರೂ ಅದೇ ಹೊತ್ತಿಗೆ ಮೈಕ್‌ಗೆ ಮಾತಾಡುತ್ತಿರುತ್ತಾರೆ. ನಾನು ದಿನವಿಡೀ ರೋಗಿಗಳ ಮನೆಯವರ ಹತ್ತಿರ ಮಾತಾಡುವವಳು. ಎದುರಿಗೆ ಒಂದು ಮುಖ ಇದ್ದರೆ ನನಗೆ ಮಾತು ಬರುತ್ತದೆ. ಐಇಎಲ್‌ಟಿಎಸ್‌ನಲ್ಲಿ ಪರೀಕ್ಷಕರು ಎದುರಿಗೆ ಕೂತು ಹನ್ನೊಂದರಿಂದ ಹದಿನಾಲ್ಕು ನಿಮಿಷ ಮಾತಾಡಿಸುತ್ತಾರೆ. ಜೊತೆಗೆ ಸೆಲ್ಪಿಪ್‌ಗೆ ನಾನು ಊರು ಬಿಟ್ಟು ಹೋಗಬೇಕಿತ್ತು. ಹಾಗಾಗಿ ಐಇಎಲ್‌ಟಿಎಸ್ ಜನರಲ್, ಕಂಪ್ಯೂಟರ್‌ನಲ್ಲಿ. ಪೇಪರ್‌ಗಿಂತ ಕಂಪ್ಯೂಟರ್ ಯಾಕೆ ಅಂದರೆ ಫಲಿತಾಂಶ ಕೆಲವೇ ದಿನಕ್ಕೆ ಬರುತ್ತದೆ, ಬರೆಯುವಾಗ ಪದಗಳ ಎಣಿಕೆ ಕೆಳಗೆ ಕಾಣುತ್ತದೆ. ನಮ್ಮ ಕೈಬರಹ ಕೇಸ್ ಶೀಟ್ ಬರೆದು ಬರೆದು ಏನಾಗಿದೆ ಅಂತ ಹೇಳಬೇಕಾಗಿಲ್ಲ ಅಲ್ವಾ.

2025ರ ಫೆಬ್ರವರಿಯಲ್ಲಿ ಬರೆದೆ. ಲಿಸನಿಂಗ್ 8, ರೀಡಿಂಗ್ 8, ಸ್ಪೀಕಿಂಗ್ 7.5, ರೈಟಿಂಗ್ 6.5. ಓವರಾಲ್ 7.5.

ಮನೆಯಲ್ಲಿ ಎಲ್ಲರಿಗೂ ಖುಷಿ. ಸಲಹೆ ಕೇಳಲು ಹೋಗಿದ್ದ ಒಂದು ಕನ್ಸಲ್ಟೆನ್ಸಿಯಲ್ಲಿ "ಮೇಡಂ, ಓವರಾಲ್ 7.5 ಸೂಪರ್, ನಾಳೆನೇ ಪ್ರೊಫೈಲ್ ಹಾಕೋಣ" ಅಂದರು. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಓವರಾಲ್‌ಗೆ ಕಿಲುಬು ಕಾಸಿನ ಬೆಲೆ ಇಲ್ಲ. ಪ್ರೊಫೈಲ್‌ನಲ್ಲಿ ತುಂಬುವುದು ನಾಲ್ಕು ಬೇರೆ ಬೇರೆ ಅಂಕ. ಅರ್ಹತೆಗೆ ನಾಲ್ಕರಲ್ಲೂ ಸಿಎಲ್‌ಬಿ 7, ಅಂದರೆ ತಲಾ 6 ಬ್ಯಾಂಡ್ ಸಾಕು. ಆದರೆ ಪಿಆರ್, ಅಂದರೆ ಕಾಯಂ ವಾಸಕ್ಕೆ ಅರ್ಜಿ ಹಾಕುವ ಆಹ್ವಾನ ಸಿಗುವುದು ವಯಸ್ಸು, ಓದು, ಭಾಷೆ, ಅನುಭವ ಕೂಡಿಸಿದ ಸಿಆರ್‌ಎಸ್ ಅಂಕದ ಮೇಲೆ, ಅಲ್ಲಿ ಈ ನಾಲ್ಕರಲ್ಲಿ ಅತಿ ಕಡಿಮೆ ಯಾವುದೋ ಅದೇ ನಮ್ಮ ಹಣೆಬರಹ ಬರೆಯುವುದು.

ಹೇಗೆ ಅಂತ ನನ್ನ ಲೆಕ್ಕದಲ್ಲೇ ಹೇಳುತ್ತೇನೆ. ನಾನು ಮದುವೆಯಾಗಿಲ್ಲ, ಒಬ್ಬಳೇ ಅರ್ಜಿದಾರಳು. ಆಗ ವಯಸ್ಸು 30, ಅದಕ್ಕೆ 105. ಮಾಸ್ಟರ್ಸ್‌ಗೆ 135. ಭಾಷೆಗೆ ಪ್ರತಿ ವಿಭಾಗಕ್ಕೆ ಸಿಎಲ್‌ಬಿ 8 ಇದ್ದರೆ 23, 9 ಇದ್ದರೆ 31, 10 ಅಥವಾ ಮೇಲಿದ್ದರೆ 34. ನನ್ನ ಲಿಸನಿಂಗ್ 8 ಅಂದರೆ ಸಿಎಲ್‌ಬಿ 9, ರೀಡಿಂಗ್ 8 ಮತ್ತು ಸ್ಪೀಕಿಂಗ್ 7.5 ಅಂದರೆ ಸಿಎಲ್‌ಬಿ 10, ರೈಟಿಂಗ್ 6.5 ಅಂದರೆ ಸಿಎಲ್‌ಬಿ 8. ಕೂಡಿದರೆ 31, 34, 34, 23, ಒಟ್ಟು 122. ಇಲ್ಲಿವರೆಗೆ ದೊಡ್ಡ ನಷ್ಟ ಕಾಣುವುದಿಲ್ಲ. ರೈಟಿಂಗ್‌ನಲ್ಲಿ ಹೋಗಿದ್ದು ಬರೀ 8 ಅಂಕ.

ನಿಜವಾದ ಪೆಟ್ಟು ಬೀಳುವುದು ಇನ್ನೊಂದು ಕಡೆ. ಓದು ಮತ್ತು ವಿದೇಶಿ ಅನುಭವಕ್ಕೆ ಭಾಷೆಯನ್ನು ಜೋಡಿಸಿ ಕೊಡುವ ಅಂಕ ಅಂತ ಒಂದು ಭಾಗ ಇದೆ. ವಿದೇಶಿ ಅಂದರೆ ಅವರಿಗೆ ವಿದೇಶ, ನಮ್ಮ ಮಂಗಳೂರಿನ ಅನುಭವವೇ. ನಾಲ್ಕೂ ವಿಭಾಗದಲ್ಲಿ ಸಿಎಲ್‌ಬಿ 9 ಇದ್ದರೆ ಮಾಸ್ಟರ್ಸ್‌ಗೆ 50, ಮೂರು ವರ್ಷ ಮೇಲ್ಪಟ್ಟ ಅನುಭವಕ್ಕೆ 50. ಒಂದೇ ಒಂದು ವಿಭಾಗ ಸಿಎಲ್‌ಬಿ 8ಕ್ಕೆ ಇಳಿದರೂ ಎರಡೂ ಅರ್ಧ: 25, 25. ಅಂದರೆ ನನ್ನ ಒಟ್ಟು 105, 135, 122, 25, 25 ಸೇರಿ 412. ರೈಟಿಂಗ್ ಒಂದು 7 ಬಂದಿದ್ದರೆ ಅಲ್ಲಿ 8, ಇಲ್ಲಿ 50, ಸೇರಿ 58 ಅಂಕ ಹೆಚ್ಚು. ಅದೇ ನನ್ನ ಲಿಸನಿಂಗ್ 8ರಿಂದ 8.5 ಆದರೆ ಸಿಗುವುದು ಮೂರೇ ಮೂರು. ಎರಡೂ ಅರ್ಧ ಬ್ಯಾಂಡೇ. ಬರೀ ಡಿಗ್ರಿ ಇದ್ದವರಿಗೆ ಓದಿನ ಭಾಗದಲ್ಲಿ 13ರಿಂದ 25ಕ್ಕೆ ಏರುತ್ತದೆ, ಹಾಗಾಗಿ ಅವರಿಗೆ ಇದೇ ಅರ್ಧ ಬ್ಯಾಂಡ್ 45 ಅಂಕ.

ಈ ಲೆಕ್ಕ ಮಾಡಿದ ಮೇಲೆ ಮತ್ತೆ ಬರೆಯಬೇಕೋ ಬೇಡವೋ ಎಂಬ ಪ್ರಶ್ನೆಯೇ ಉಳಿಯಲಿಲ್ಲ. ಯಾವಾಗ, ಹೇಗೆ ಎಂಬುದು ಮಾತ್ರ.

ಮೊದಲು ಮರುಮೌಲ್ಯಮಾಪನ ಕೇಳಿದೆ. ಪರೀಕ್ಷೆಯ ದಿನದಿಂದ ಆರು ವಾರದೊಳಗೆ ಕೇಳಬೇಕು. ನಾಲ್ಕೂ ಬೇಡ, ರೈಟಿಂಗ್ ಒಂದನ್ನೇ ನೋಡಿ ಅನ್ನಬಹುದು. ಹಿರಿಯ ಪರೀಕ್ಷಕರೊಬ್ಬರು ಹಳೆಯ ಅಂಕ ಗೊತ್ತಿಲ್ಲದೆ ಹೊಸದಾಗಿ ನೋಡುತ್ತಾರೆ. ಅಂಕ ಬದಲಾದರೆ ಶುಲ್ಕ ವಾಪಸ್. ಇದನ್ನು ಎಲ್ಲರೂ ಮಾಡಬೇಕಾಗಿಲ್ಲ. ರೈಟಿಂಗ್ ಮತ್ತು ಸ್ಪೀಕಿಂಗ್‌ನಲ್ಲಿ ಮನುಷ್ಯರ ತೀರ್ಮಾನ ಇರುತ್ತದೆ, ಅಲ್ಲಿ ಅರ್ಧ ಬ್ಯಾಂಡ್ ಆಚೀಚೆ ಆಗುವ ಸಾಧ್ಯತೆ ಇದೆ. ಲಿಸನಿಂಗ್, ರೀಡಿಂಗ್‌ನಲ್ಲಿ ಉತ್ತರ ಸರಿ ಅಥವಾ ತಪ್ಪು, ಅಲ್ಲಿ ದುಡ್ಡು ಕಟ್ಟಿ ಪ್ರಯೋಜನ ಕಡಿಮೆ. ಬೇಕಾದ್ದಕ್ಕಿಂತ ಒಂದು ಬ್ಯಾಂಡ್ ಕೆಳಗಿದ್ದರೂ ಸುಮ್ನೆ ಆಸೆ ಇಟ್ಟುಕೊಳ್ಳಬಾರದು. ನನ್ನದು ಸರಿಯಾಗಿ ಅರ್ಧ ಬ್ಯಾಂಡ್ ಕೆಳಗೆ, ಸಿಕ್ಕರೆ 58 ಅಂಕ, ಹಾಗಾಗಿ ಕೇಳಿದೆ. ಬದಲಾಗಲಿಲ್ಲ. 6.5 ಅಂದರೆ 6.5.

ಆಗ ಬಂದ ಇನ್ನೊಂದು ಸಲಹೆ, ಒಂದೇ ವಿಭಾಗ ಮತ್ತೆ ಬರೆಯುವ ಸೌಲಭ್ಯ ಇದೆಯಲ್ಲ, ರೈಟಿಂಗ್ ಮಾತ್ರ ಬರಿ ಅಂತ. ಐಇಎಲ್‌ಟಿಎಸ್‌ನವರು ಅದನ್ನು ಮಾರುತ್ತಾರೆ ನಿಜ. ಆದರೆ ಆ ಫಲಿತಾಂಶವನ್ನು ಒಪ್ಪುವುದು ಬಿಡುವುದು ತೆಗೆದುಕೊಳ್ಳುವವರಿಗೆ ಬಿಟ್ಟದ್ದು. ದುಡ್ಡು ಕಟ್ಟುವ ಮೊದಲು ಆ ದೇಶದ ವಲಸೆ ಇಲಾಖೆಯ ಪುಟದಲ್ಲಿ ಅದರ ಹೆಸರು ಹಿಡಿದು ಬರೆದಿದೆಯಾ ಅಂತ ನೋಡಬೇಕು. ನಾನು ಆ ದಾರಿಗೆ ಹೋಗಲಿಲ್ಲ. ಎಕ್ಸ್‌ಪ್ರೆಸ್ ಎಂಟ್ರಿಗೆ ನಾಲ್ಕೂ ಅಂಕ ಒಂದೇ ಪರೀಕ್ಷೆಯದ್ದಾಗಿರಬೇಕು, ಫೆಬ್ರವರಿಯ ರೀಡಿಂಗ್‌ಗೆ ಜೂನ್‌ನ ರೈಟಿಂಗ್ ಅಂಟಿಸುವ ಹಾಗಿಲ್ಲ ಎಂದು ಹಿಡಿದುಕೊಂಡೇ ಯೋಜನೆ ಮಾಡಿದೆ.

ಪರೀಕ್ಷೆ ಬದಲಿಸುವ ಯೋಚನೆಯೂ ಬಂದಿತ್ತು. ಸೆಲ್ಪಿಪ್‌ನ ಇಮೇಲ್ ನೆನಪಾಯಿತು. ಆದರೆ ಐಇಎಲ್‌ಟಿಎಸ್‌ನಲ್ಲಿ ನನಗೆ ಮೂರು ವಿಭಾಗ ಆಗಲೇ ದಾಟಿವೆ. ಸೋತದ್ದು ಒಂದರಲ್ಲಿ. ಪರೀಕ್ಷೆ ಬದಲಿಸಿದರೆ ನಾಲ್ಕನ್ನೂ ಹೊಸದಾಗಿ ಪಣಕ್ಕಿಟ್ಟ ಹಾಗೆ. ಎರಡು ಮೂರು ವಿಭಾಗ ಕೆಳಗಿದ್ದರೆ, ಅಥವಾ ಸೋಲಲು ಕಾರಣ ಪರೀಕ್ಷೆಯ ರೀತಿಯೇ ಆಗಿದ್ದರೆ ಬದಲಿಸುವುದು ಸರಿ. ನನ್ನ ಗೆಳತಿಯೊಬ್ಬಳು ಪರೀಕ್ಷಕರ ಎದುರು ಕೂತರೆ ಬೆವರುತ್ತಾಳೆ, ಮಷಿನ್ ಎದುರು ಸಲೀಸಾಗಿ ಮಾತಾಡುತ್ತಾಳೆ. ಅವಳಿಗೆ ಬದಲಿಸು ಅಂತ ನಾನೇ ಹೇಳಿದೆ.

ಹಾಗಾದರೆ ನನ್ನ ರೈಟಿಂಗ್‌ನಲ್ಲಿ ಇದ್ದ ದೋಷ ಎಂತದು? ಐಇಎಲ್‌ಟಿಎಸ್ ಅಂಕಪಟ್ಟಿ ಅದನ್ನು ಹೇಳುವುದಿಲ್ಲ, ಬರೀ ಬ್ಯಾಂಡ್ ಕೊಡುತ್ತದೆ. ನಮ್ಮ ಬೀದಿಯಲ್ಲಿ ನಿವೃತ್ತ ಇಂಗ್ಲಿಷ್ ಲೆಕ್ಚರರ್ ಒಬ್ಬರಿದ್ದಾರೆ. ಗಡಿಯಾರ ಇಟ್ಟು ಬರೆದ ನಾಲ್ಕಾರು ಪತ್ರ, ಪ್ರಬಂಧ ತೆಗೆದುಕೊಂಡು ಹೋಗಿ ತೋರಿಸಿದೆ. ಓದಿ ಕನ್ನಡಕ ತೆಗೆದು ಕೇಳಿದರು, "ನೀನು ನರ್ಸಾ ಮಗಾ?" ಹೌದು ಸರ್ ಅಂದೆ. "ಮತ್ತೆ ಇದು ನರ್ಸ್ ನೋಟ್ಸೇ."

ನೋಡಿದರೆ ಹೌದು. ಡ್ಯೂಟಿಯಲ್ಲಿ ನಾವು ಬರೆಯುವುದು ಹೀಗೆ: 'ಪೇಷಂಟ್ ಶಿಫ್ಟೆಡ್ ಟು ವಾರ್ಡ್, ವೈಟಲ್ಸ್ ಸ್ಟೇಬಲ್, ಡಾಕ್ಟರ್ ಇನ್ಫಾರ್ಮ್ಡ್.' ಕರ್ತೃ ಇಲ್ಲ, ಆರ್ಟಿಕಲ್ ಇಲ್ಲ, ಒಂದು ವಾಕ್ಯಕ್ಕೂ ಮುಂದಿನದಕ್ಕೂ ಕೊಂಡಿ ಇಲ್ಲ. ವರ್ಷಗಟ್ಟಲೆ ದಿನಕ್ಕೆ ಹತ್ತಾರು ಸಲ ಹಾಗೆ ಬರೆದ ಕೈಗೆ ಪ್ರಬಂಧದಲ್ಲೂ ಅದೇ ಬರುತ್ತಿತ್ತು. ಐಇಎಲ್‌ಟಿಎಸ್ ರೈಟಿಂಗ್‌ನಲ್ಲಿ ನಾಲ್ಕು ವಿಷಯಕ್ಕೆ ಅಂಕ: ಕೇಳಿದ್ದಕ್ಕೆ ಉತ್ತರಿಸಿದ್ದೀರಾ, ವಿಚಾರಗಳು ಒಂದಕ್ಕೊಂದು ಹೊಂದಿಕೊಂಡಿವೆಯಾ, ಪದಬಳಕೆ, ವ್ಯಾಕರಣ. ನನ್ನ ಬರವಣಿಗೆ ಎರಡನೆಯದರಲ್ಲೂ ನಾಲ್ಕನೆಯದರಲ್ಲೂ ಸೋರುತ್ತಿತ್ತು. ಪದಸಂಪತ್ತು ಸಾಲದು ಅಂತ ಭಾರಿ ಭಾರಿ ಪದ ಉರು ಹೊಡೆಯುತ್ತಿದ್ದೆ, ಅದರ ಅಗತ್ಯವೇ ಇರಲಿಲ್ಲ. ಸರ್ ಅದನ್ನು ನಿಲ್ಲಿಸಿದರು. ಸರಳ ಪದ ಬರಿ, ವಾಕ್ಯ ಪೂರ್ತಿ ಬರಿ, ಹಿಂದಿನ ವಾಕ್ಯದ ಕೈ ಹಿಡಿದುಕೊಂಡು ಮುಂದಿನದು ಬರಲಿ ಅಂದರು.

ಎರಡನೇ ಭಾಗದ ಪ್ರಬಂಧಕ್ಕೆ ಮೊದಲ ಭಾಗದ ಪತ್ರಕ್ಕಿಂತ ಎರಡು ಪಟ್ಟು ತೂಕ. ಪತ್ರಕ್ಕೆ 20 ನಿಮಿಷ, ಪ್ರಬಂಧಕ್ಕೆ 40. ಅಭ್ಯಾಸದ ಹೆಚ್ಚಿನ ಭಾಗ ಪ್ರಬಂಧಕ್ಕೇ ಹೋಯಿತು. ಪತ್ರದಲ್ಲಿ ಒಂದೇ ಎಚ್ಚರಿಕೆ: ಪ್ರಶ್ನೆಯಲ್ಲಿ ಕೊಟ್ಟ ಮೂರೂ ಅಂಶ ಬರಬೇಕು, ಗೆಳೆಯನಿಗೆ ಬರೆಯುವಾಗ ಮ್ಯಾನೇಜರ್‌ಗೆ ಬರೆದ ಹಾಗೆ ಬರೆಯಬಾರದು.

ಮತ್ತೆ ಯಾವಾಗ ಬರೆಯುವುದು? ಐಇಎಲ್‌ಟಿಎಸ್‌ಗೆ ಇಷ್ಟು ದಿನ ಕಾಯಬೇಕು ಅಂತ ನಿಯಮ ಇಲ್ಲ, ಮುಂದಿನ ವಾರವೇ ಸೀಟು ಇದ್ದರೆ ಬರೆಯಬಹುದು. ಹಾಗೆ ಬರೆಯುವವರೂ ಇದ್ದಾರೆ. ಆಗ ಒಂದು ಸಲಕ್ಕೆ ಹತ್ತಿರ ಹತ್ತಿರ 18,000 ರೂಪಾಯಿ ಇತ್ತು. ಹದಿನೈದು ದಿನದಲ್ಲಿ ಬದಲಾಗುವುದು ಪ್ರಶ್ನೆಪತ್ರಿಕೆ ಮಾತ್ರ, ಬರೆಯುವ ಕೈ ಅಲ್ಲ. ಲಿಸನಿಂಗ್‌ನಲ್ಲಿ ಶೀತ ಆಗಿ ಕಿವಿ ಕಟ್ಟಿತ್ತು, ಒಂದು ಭಾಗ ತಪ್ಪಿತು ಎಂಬಂಥ ಕಾರಣ ಇದ್ದರೆ ಬೇಗ ಬರೆಯಿರಿ. ರೈಟಿಂಗ್‌ನ ಅಭ್ಯಾಸ ಬದಲಾಗಲು ತಿಂಗಳುಗಳೇ ಬೇಕು. ನನ್ನ ಪಾಲಿಗೆ ಇನ್ನೊಂದು ಗೆರೆ ಇತ್ತು. ನವೆಂಬರ್‌ನಲ್ಲಿ ನನಗೆ 31 ತುಂಬುತ್ತದೆ. ಆ ದಿನ ವಯಸ್ಸಿನ ಅಂಕ 105ರಿಂದ 99ಕ್ಕೆ ತಾನಾಗಿ ಇಳಿಯುತ್ತದೆ. ಹಾಗಾಗಿ ಜೂನ್‌ನಲ್ಲಿ ಬರೆಯುವುದು, ಅದರಲ್ಲೂ ಆಗದಿದ್ದರೆ ಸೆಪ್ಟೆಂಬರ್‌ನಲ್ಲಿ ಒಂದು ಅವಕಾಶ ಉಳಿಸಿಕೊಳ್ಳುವುದು ಅಂತ ನಿರ್ಧರಿಸಿದೆ. ನೈಟ್ ಡ್ಯೂಟಿ ಮುಗಿದ ಮರುದಿನದ ಸೀಟು ಬೇಡವೆಂದು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮೊದಲೇ ಕೇಳಿ ರಜೆ ಹಾಕಿದೆ.

ಒಂದು ಭಯ ಬಹಳ ಜನಕ್ಕೆ ಇರುತ್ತದೆ. ಎರಡನೇ ಸಲ ಕಡಿಮೆ ಬಂದರೆ ಹಳೆಯದೂ ಹೋಯಿತಾ ಅಂತ. ಹೋಗುವುದಿಲ್ಲ. ಅವಧಿ ಮುಗಿಯದ ಫಲಿತಾಂಶಗಳಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನು ಪ್ರೊಫೈಲ್‌ನಲ್ಲಿ ಇಡಬಹುದು. ಹಳೆಯದನ್ನು ಕಳೆದುಕೊಳ್ಳುವ ಭಯ ಇಲ್ಲದಿದ್ದರೆ ಪರೀಕ್ಷೆ ಅರ್ಧ ಹಗುರ.

ಜೂನ್‌ನಲ್ಲಿ ಬರೆಯಲು ಹೊರಟಾಗ ಕೆಲವರು ನಕ್ಕರು. ಆರೋಗ್ಯ ಕ್ಷೇತ್ರದವರಿಗೆಂದೇ ಆಹ್ವಾನ ಕೊಡುವ ಸುತ್ತಿನಲ್ಲಿ ಕಟಾಫ್ ಮೇ 2ರಂದು 510, ಜೂನ್ 4ರಂದು 504ಕ್ಕೆ ನಿಂತಿತ್ತು. ನನ್ನ ರೈಟಿಂಗ್ 7 ಬಂದರೂ 470ರ ಆಸುಪಾಸು. "ಯಾಕೆ ಸುಮ್ನೆ ದುಡ್ಡು ದಂಡ" ಅಂದರು. ಆದರೆ ಆ ಎರಡೂ ಸುತ್ತಿನಲ್ಲಿ ಕರೆದದ್ದು ತಲಾ 500 ಜನರನ್ನು ಮಾತ್ರ. ಹೆಚ್ಚು ಜನರನ್ನು ಕರೆದ ದಿನ ಕಟಾಫ್ ಇಳಿಯಲೇಬೇಕು. 2024ರ ಫೆಬ್ರವರಿಯಲ್ಲಿ 3,500 ಜನರನ್ನು ಕರೆದಾಗ 422ಕ್ಕೆ ಇಳಿದಿತ್ತು. ಆ ದಿನ ಬಂದಾಗ ನನ್ನ ಅಂಕ ಅಲ್ಲಿ ಕೂತಿರಬೇಕು, ಆಮೇಲೆ ಪರೀಕ್ಷೆ ಬುಕ್ ಮಾಡಿದರೆ ಆಗದು.

ಫಲಿತಾಂಶ ಬಂತು: ಲಿಸನಿಂಗ್ 8.5, ರೀಡಿಂಗ್ 8, ರೈಟಿಂಗ್ 7, ಸ್ಪೀಕಿಂಗ್ 7.5. ಭಾಷೆಗೆ 34, 34, 31, 34, ಒಟ್ಟು 133. ಜೋಡಿ ಅಂಕ 50, 50. ಸೇರಿಸಿದರೆ 473. ರೈಟಿಂಗ್ ಕೊಟ್ಟದ್ದು 58, ಲಿಸನಿಂಗ್ ಕೊಟ್ಟದ್ದು 3.

ಜುಲೈ 22ರಂದು 4,000 ಜನರನ್ನು ಕರೆದರು. ಕಟಾಫ್ 475. ಎರಡು ಅಂಕಕ್ಕೆ ತಪ್ಪಿತು.

ಆಗ ಶುರುವಾಯಿತು ನೋಡಿ ಒತ್ತಡ. ರೈಟಿಂಗ್ 7.5 ಮಾಡಿದರೆ ಸಿಎಲ್‌ಬಿ 10, ಇನ್ನು ಮೂರು ಅಂಕ, 476 ಆಗುತ್ತದೆ, ಇನ್ನೊಮ್ಮೆ ಬರಿ ಅಂತ. ಲೆಕ್ಕ ಸರಿಯೇ. ಆದರೆ ನಾಲ್ಕರಲ್ಲೂ ಸಿಎಲ್‌ಬಿ 9 ಆದ ಮೇಲೆ ಇಂಗ್ಲಿಷ್‌ನಲ್ಲಿ ಬಾಚಿಕೊಳ್ಳಲು ದೊಡ್ಡದೇನೂ ಉಳಿದಿರುವುದಿಲ್ಲ. ನನಗೆ ಉಳಿದದ್ದು ಒಟ್ಟು ಮೂರೇ ಅಂಕ. ಸುತ್ತಿನಿಂದ ಸುತ್ತಿಗೆ ಕಟಾಫ್ ಏರಿಳಿಯುವುದೇ ಅದಕ್ಕಿಂತ ಎಷ್ಟೋ ಜಾಸ್ತಿ. ಜೂನ್‌ನಿಂದ ಜುಲೈಗೆ 29 ಅಂಕ ಇಳಿದಿತ್ತು. ಅದೇ ದುಡ್ಡು, ಅದೇ ಸಮಯ ಫ್ರೆಂಚ್‌ಗೆ ಹಾಕಿದರೆ ಲೆಕ್ಕ ಬೇರೆ. ಫ್ರೆಂಚ್‌ನಲ್ಲಿ ನಾಲ್ಕೂ ವಿಭಾಗ 7ನೇ ಮಟ್ಟ ಮುಟ್ಟಿದರೆ ಹೆಚ್ಚುವರಿ 50, ಎರಡನೇ ಭಾಷೆಯ ಲೆಕ್ಕದಲ್ಲಿ 12, ಒಟ್ಟು 62. ಅದಕ್ಕೆ ವರ್ಷವೇ ಬೇಕಾದೀತು, ಆದರೆ ಅದು ಮಾಡುವ ಕೆಲಸ. ಸೆಪ್ಟೆಂಬರ್‌ನ ಐಇಎಲ್‌ಟಿಎಸ್ ಯೋಚನೆ ಅಲ್ಲಿಗೇ ಕೈಬಿಟ್ಟೆ. ಫ್ರೆಂಚ್ ಕ್ಲಾಸ್ ವಿಚಾರಿಸತೊಡಗಿದೆ.

ಆಗಸ್ಟ್ 19ರ ಸುತ್ತು 470ಕ್ಕೆ ನಿಂತಿತು. ಆಹ್ವಾನ ಬಂತು. ನವೆಂಬರ್‌ವರೆಗೆ ಕಾದಿದ್ದರೆ ನನ್ನ ಅಂಕ 467.

ಅದೇ ಸುತ್ತಿನಲ್ಲಿ ನಮ್ಮ ಯೂನಿಟ್‌ನ ಹಿರಿಯ ಸಿಸ್ಟರ್ ಒಬ್ಬರಿಗೂ ಆಹ್ವಾನ ಬಂತು. ಅವರನ್ನು ನಾನು ಅಕ್ಕ ಅಂತಲೇ ಕರೆಯುವುದು. ಅವಧಿಯ ವಿಷಯ ನಿಜವಾಗಿ ಅರ್ಥವಾದದ್ದು ಅವರ ಪಾಡು ನೋಡಿ. ಅವರ ಐಇಎಲ್‌ಟಿಎಸ್ ಫಲಿತಾಂಶ 2023ರ ಅಕ್ಟೋಬರ್ ಮೊದಲ ವಾರದ್ದು. ಕೆನಡಾದವರಿಗೆ ಫಲಿತಾಂಶದ ಬಾಳಿಕೆ ಎರಡೇ ವರ್ಷ, ಆ ಲೆಕ್ಕದಲ್ಲಿ 2025ರ ಅಕ್ಟೋಬರ್ ಮೊದಲ ವಾರಕ್ಕೆ ಮುಗಿಯುತ್ತದೆ. "ಆಹ್ವಾನ ಬಂದಾಯ್ತಲ್ಲ, ಇನ್ನೇನು" ಅಂತ ಅವರ ಯಜಮಾನರು. ಆದರೆ ಕೆನಡಾದವರ ನಿಯಮ ಎರಡು ದಿನ ನೋಡುತ್ತದೆ. ಪ್ರೊಫೈಲ್ ಹಾಕುವ ದಿನ ಫಲಿತಾಂಶ ಜೀವಂತ ಇರಬೇಕು, ಆಹ್ವಾನದ ನಂತರ ಪಿಆರ್ ಅರ್ಜಿ ಸಲ್ಲಿಸುವ ದಿನವೂ ಇರಬೇಕು. ಸಲ್ಲಿಸಿದ ಮೇಲೆ, ಅವರು ಅರ್ಜಿ ನೋಡುತ್ತಿರುವಾಗ ಮುಗಿದರೆ ತೊಂದರೆ ಇಲ್ಲ. ಅರ್ಜಿ ಸಲ್ಲಿಸಲು ಆಹ್ವಾನದಿಂದ 60 ದಿನ, ಅಂದರೆ ಅಕ್ಟೋಬರ್ 18. ಆದರೆ ಅಕ್ಕನ ಪಾಲಿಗೆ ಆ 60 ದಿನ ಇರಲಿಲ್ಲ. ಅವರ ಗಡುವು ಅಕ್ಟೋಬರ್ ಮೊದಲ ವಾರಕ್ಕೇ ಮುಗಿಯುತ್ತಿತ್ತು.

ಬೇಗ ಸಲ್ಲಿಸಿದರಾಯಿತು ಅಂತ ಹೇಳುವುದು ಸುಲಭ. ಅಕ್ಕ ಮೊದಲು ಸೌದಿಯಲ್ಲಿ ಕೆಲಸ ಮಾಡಿದವರು, ಅಲ್ಲಿಯ ಪೊಲೀಸ್ ಸರ್ಟಿಫಿಕೇಟ್ ಬೇಕು. ಇಲ್ಲಿಯದು ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಬೇಗ ಸಿಕ್ಕಿತು, ಸೌದಿಯದ್ದು ಬರಲೊಲ್ಲದು. ಅದರ ಮೇಲೆ 2025ರ ಆಗಸ್ಟ್ 21ರಿಂದ ಹೊಸ ನಿಯಮ, ಮೆಡಿಕಲ್ ಮಾಡಿಸಿಕೊಂಡೇ ಅರ್ಜಿ ಸಲ್ಲಿಸಬೇಕು. ಅದಕ್ಕೆ ಬೆಂಗಳೂರಿಗೆ ಓಡಾಟ. ಸೆಪ್ಟೆಂಬರ್ ಕೊನೆ ಅಂದರೆ ದಸರಾ ರಜೆ ಬೇರೆ, ಆ ವರ್ಷ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಿದ್ದಿತ್ತು.

ಅಕ್ಕ ಆಪತ್ತಿಗಿರಲಿ ಅಂತ ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಐಇಎಲ್‌ಟಿಎಸ್ ಬರೆದರು. ತಯಾರಿಗೆ ಸಮಯ ಎಲ್ಲಿದೆ? ರೈಟಿಂಗ್ 6.5 ಬಂತು. ಅದನ್ನು ಹಾಕಿದರೆ ಅಂಕ ಕಟಾಫ್‌ಗಿಂತ ಕೆಳಗೆ ಇಳಿಯುತ್ತದೆ, ಆಹ್ವಾನ ಬಂದಾಗಿನ ಅಂಕ ಉಳಿಯದಿದ್ದರೆ ಅರ್ಜಿ ತಿರಸ್ಕಾರ ಆಗಬಹುದು. ಆಹ್ವಾನ ಕೈಯಲ್ಲಿದ್ದಾಗ ಹೊಸ ಪರೀಕ್ಷೆ ಬರೆಯುವುದು ಹಾಗಾಗಿಯೇ ಅಪಾಯ. ಮೊದಲು ಬರೆದಿದ್ದರೆ ಕಡಿಮೆ ಬಂದರೂ ಇನ್ನೊಮ್ಮೆ ಬರೆಯಲು ಸಮಯ ಇರುತ್ತದೆ. ಕೊನೆಗೆ ಸೌದಿಯ ಕಾಗದಕ್ಕೆ ಅರ್ಜಿ ಹಾಕಿದ ರಸೀದಿ, ಪ್ರಯತ್ನಿಸಿದ ಪುರಾವೆ, ಒಂದು ವಿವರಣೆ ಪತ್ರ ಲಗತ್ತಿಸಿ, ಹಳೆಯ ಫಲಿತಾಂಶ ಮುಗಿಯುವ ಮೊದಲೇ ಸಲ್ಲಿಸಿಬಿಟ್ಟರು. ವಿವರಣೆ ಪತ್ರವನ್ನು ಅವರು ಒಪ್ಪುತ್ತಾರೋ ಇಲ್ಲವೋ ಎಂಬ ಆತಂಕ ಆಮೇಲಿನದು. ಫಲಿತಾಂಶದ ಅವಧಿ ಮುಗಿದಿದ್ದರೆ ಆ ಮಟ್ಟಕ್ಕೂ ಬರುತ್ತಿರಲಿಲ್ಲ.

ಅವರನ್ನು ನೋಡಿದ ಮೇಲೆ ನಾನು ನನ್ನ ಡೈರಿಯಲ್ಲಿ ದಿನಾಂಕ ಹಿಂದಿನಿಂದ ಬರೆದುಕೊಂಡೆ. ನನ್ನ ಫಲಿತಾಂಶ 2027ರ ಜೂನ್‌ವರೆಗೆ. ಅದರಿಂದ 60 ದಿನ ಹಿಂದಕ್ಕೆ, ಅಂದರೆ ಏಪ್ರಿಲ್ ಆದ ಮೇಲೆ ಬರುವ ಆಹ್ವಾನದಲ್ಲಿ ನನಗೆ ಪೂರ್ತಿ 60 ದಿನ ಸಿಗುವುದಿಲ್ಲ. ಅದಕ್ಕೂ ಎರಡು ತಿಂಗಳು ಮೊದಲು, ಫೆಬ್ರವರಿಯಲ್ಲಿ, ಹಳೆಯದು ಇನ್ನೂ ಜೀವಂತ ಇರುವಾಗಲೇ ಹೊಸ ಪರೀಕ್ಷೆ. ಕಡಿಮೆ ಬಂದರೆ ಮಾರ್ಚ್, ಏಪ್ರಿಲ್ ಇದೆ. ಅಂಕಪಟ್ಟಿಯಲ್ಲಿ ಪರೀಕ್ಷೆಯ ದಿನವೂ ಇರುತ್ತದೆ, ಫಲಿತಾಂಶದ ದಿನವೂ ಇರುತ್ತದೆ. ಎಣಿಸುವಾಗ ನಾನು ಮೊದಲು ಬರುವ ದಿನವನ್ನೇ ಹಿಡಿದೆ, ಕೆಲವು ದಿನ ಕಡಿಮೆಯಾದರೆ ನಷ್ಟ ಇಲ್ಲ. ಆಹ್ವಾನ ಬಂದದ್ದರಿಂದ ಆ ಪುಟ ನನಗೆ ಬೇಕಾಗಲಿಲ್ಲ, ಸೆಪ್ಟೆಂಬರ್‌ನಲ್ಲೇ ಅರ್ಜಿ ಸಲ್ಲಿಸಿದೆ.

ಈಗ ನನ್ನ ಚಿಕ್ಕಮ್ಮನ ಮಗಳು ತಯಾರಿ ನಡೆಸಿದ್ದಾಳೆ, ಆದರೆ ಆಸ್ಟ್ರೇಲಿಯಾಕ್ಕೆ. ಅವಳು ನನ್ನ ಡೈರಿಯ ಪುಟದ ಫೋಟೋ ಕೇಳಿದಳು. ಕೊಡಲಿಲ್ಲ. ಅಲ್ಲಿಯ ಸ್ಕಿಲ್ಡ್ ವೀಸಾಗಳಲ್ಲಿ ಅಂಕಕ್ಕೆ ಮೂರು ವರ್ಷದೊಳಗಿನ ಫಲಿತಾಂಶ ನಡೆಯುತ್ತದೆ, ಅದನ್ನು ಎಣಿಸುವುದು ಆಹ್ವಾನದ ದಿನದಿಂದ ಹಿಂದಕ್ಕೆ. ಪಿಟಿಇ ಅಕಾಡೆಮಿಕ್ ಕೂಡ ನಡೆಯುತ್ತದೆ. ಮೆಲ್ಬರ್ನ್ ಅಣ್ಣನ ನಂಬರ್ ಕೊಟ್ಟೆ.